ಬ್ಲಾಕ್ ಮಾಡಿದ ಮೇಲೂ ಏಟು ನನಗೇ ಬೀಳುತ್ತಿದೆ: ಟೆಕ್ಕನ್ 8ರ ಫ್ರೇಮ್ ಲೆಕ್ಕ ಕಲಿಯೋದು ಹೇಗೆ?

ಪೇಡಾ_ಜಿನ್

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು. ಟೆಕ್ಕನ್ 8 ಎಂಬ ಹೊಡೆದಾಟದ ವಿಡಿಯೋ ಗೇಮ್ ಆಡಲು ಶುರು ಮಾಡಿ ಏಳು ತಿಂಗಳಾಯಿತು. ನನ್ನದು ಜಿನ್. ನನ್ನ ಅಣ್ಣನದೂ ಜಿನ್ನೇ. ಇಬ್ಬರೂ ಚಿಕ್ಕವರಿದ್ದಾಗ ಮಾಮನ ಮನೆಯಲ್ಲಿ ಟೆಕ್ಕನ್ 3 ನೋಡಿ ಬೆಳೆದವರು. ಹಾಗಾಗಿ ಪಾತ್ರ ಬಿಡುವ ಮಾತೇ ಇಲ್ಲ.

ನನ್ನ ತೊಂದರೆ ಇಷ್ಟು. ಅಣ್ಣ ಒಂದು ಪಂದ್ಯದಲ್ಲಿ ಹತ್ತು ಸಲ ಹಾಪ್‌ಕಿಕ್ ಹಾಕುತ್ತಾನೆ. ಅದೇ, ಮೇಲೆ-ಮುಂದೆ ಜೊತೆ 4, ಅಂದರೆ ಬಲಗಾಲಿನ ಬಟನ್, ಒತ್ತಿದರೆ ಬರುವ ಒದೆ. ತಗುಲಿದರೆ ಗಾಳಿಯಲ್ಲಿ ಎತ್ತಿ ಕಾಂಬೊ ಶುರು. ನಾನು ಅದನ್ನು ಬ್ಲಾಕ್ ಮಾಡಲು ಕಲಿತೆ. ಬ್ಲಾಕ್ ಆದರೆ ಅವನು ಮೈನಸ್ 13 ಎಂದು ಓದಿಯೂ ಇದ್ದೇನೆ. ಹಾಗಾಗಿ ಬ್ಲಾಕ್ ಮಾಡಿದ ತಕ್ಷಣ ನಾನೂ ಹಾಪ್‌ಕಿಕ್ ಹಾಕುತ್ತೇನೆ. ಅವನು ಅದನ್ನು ಬ್ಲಾಕ್ ಮಾಡಿ ತಿರುಗಿ ನನಗೇ ಹೊಡೆಯುತ್ತಾನೆ. ಪ್ರತಿ ಸಲ ಹೀಗೇ ಆಗುತ್ತದೆ.

ಒಂದು ನೋಟ್‌ಬುಕ್ ಮಾಡಿಕೊಂಡು ಜಿನ್‌ನ ಎಲ್ಲಾ ಮೂವ್‌ಗಳ ಫ್ರೇಮ್ ಬರೆದಿಟ್ಟಿದ್ದೇನೆ. ಆರು ಪುಟ ಆಗಿದೆ. ಬಾಯಿಪಾಠವೂ ಆಗಿದೆ. ಆದರೆ ಪಂದ್ಯದಲ್ಲಿ ಒಂದೂ ಕೆಲಸಕ್ಕೆ ಬರುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ರಾಜಾಹುಲಿ77

ಗುರು, ನೋಟ್‌ಬುಕ್ ಬದಿಗಿಡು. ನೆನಪಿಡಬೇಕಾದ್ದು ಒಂದೇ. ಮೈನಸ್ ಇದ್ದರೆ ಹೊಡಿ, ಪ್ಲಸ್ ಇದ್ದರೆ ಬ್ಲಾಕ್ ಮಾಡು. ನಿನ್ನದು ನಿಧಾನ ಆಗುತ್ತಿದೆ ಅಷ್ಟೇ, ಇನ್ನೂ ಬೇಗ ಒತ್ತು. ಮತ್ತೆ ಒಂದು ಒಳ್ಳೆಯ ದೊಡ್ಡ ಕಾಂಬೊ ಕಲಿ. 70, 75 ಡ್ಯಾಮೇಜ್ ಕೊಡುವಂಥದ್ದು. ಮೂರು ಸಲ ತಗುಲಿದರೆ ರೌಂಡ್ ಮುಗಿಯಿತು. ನಾನು ಹಾಗೇ ಮೇಲೆ ಬಂದವನು.

ನಿಧಾನಿ

ನನಗೂ ಇದೇ ಸಮಸ್ಯೆ ಇದೆ. ನನ್ನ ಲ್ಯಾಪ್‌ಟಾಪಿನಲ್ಲಿ 40, 45 ಫ್ರೇಮ್ ಅಷ್ಟೇ ಬರುವುದು. ಗ್ರಾಫಿಕ್ಸ್ ಎಲ್ಲಾ ಕಡಿಮೆ ಮಾಡಿದೆ, ನೆರಳು ತೆಗೆದೆ, ಆದರೂ 60 ಮುಟ್ಟುತ್ತಿಲ್ಲ. ನಿಮಗೆ ಮೈನಸ್ 13 ಎಂದರೆ 47 ಬರುತ್ತಿದೆ ಎಂದಾ? ಯಾವ ಕಾರ್ಡ್ ಇದೆ?

ಸಂಜೆ_ಪಾಳಿ

ನಿಧಾನಿ ಅವರೇ, ಇಲ್ಲಿ ಮಾತಾಡುತ್ತಿರುವ ಫ್ರೇಮ್ ಬೇರೆ. ಆದರೆ ನಿಮ್ಮ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ, ಕೊನೆಯಲ್ಲಿ ಬರುತ್ತೇನೆ.

ಪೇಡಾ, ನಿಮ್ಮ ಕೈ ನಿಧಾನ ಅಲ್ಲವೇ ಅಲ್ಲ. ಎಷ್ಟು ಬೇಗ ಒತ್ತಿದರೂ ನೀವು ಹೇಳಿದ ಏಟು ತಗುಲುವುದಿಲ್ಲ. ಲೆಕ್ಕ ನೋಡಿ.

ಟೆಕ್ಕನ್ ಒಂದು ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ಅಣ್ಣನ ಹಾಪ್‌ಕಿಕ್ ಬ್ಲಾಕ್ ಆದಾಗ ನೀವು ಮೊದಲು ಬಿಡುಗಡೆ ಆಗುತ್ತೀರಿ. ಅವನು ನಿಮಗಿಂತ 13 ಫ್ರೇಮ್ ತಡವಾಗಿ ಬಿಡುಗಡೆ ಆಗುತ್ತಾನೆ. ಆ 13 ಫ್ರೇಮ್ ಅವನಿಗೆ ಕೈ ಎತ್ತಲೂ ಆಗುವುದಿಲ್ಲ, ಬ್ಲಾಕ್ ಮಾಡಲೂ ಆಗುವುದಿಲ್ಲ. ಆಗ ನೀವು ಹಾಕಿದ್ದು ಏನು? ಹಾಪ್‌ಕಿಕ್. ಅದು ತಗುಲಲು 15 ಫ್ರೇಮ್ ಬೇಕು. 13ನೇ ಫ್ರೇಮಿಗೆ ಅವನ ಬಾಗಿಲು ಮುಚ್ಚಿತು, ನಿಮ್ಮ ಕಾಲು ಬಂದದ್ದು 15ಕ್ಕೆ. ಅವನು ಸುಮ್ನೆ ಹಿಂದಕ್ಕೆ ಒತ್ತಿ ಹಿಡಿದಿದ್ದರೆ ಸಾಕು, ಬ್ಲಾಕ್ ಆಗಿಹೋಗುತ್ತದೆ. ಈಗ ಮೈನಸ್ 13 ಆದವರು ನೀವು. ಅವನು ನಿಮಗೆ ಮಾಡಿದ್ದು, ನೀವು ಅವನಿಗೆ ಮಾಡಬೇಕಾಗಿದ್ದ ಕೆಲಸವನ್ನೇ.

ಅಲ್ಲಿ ಬೇಕಾದ್ದು 13 ಅಥವಾ ಅದಕ್ಕಿಂತ ಕಡಿಮೆಯ ಏಟು. ಎಲ್ಲಾ ಪಾತ್ರಗಳಿಗೂ ನಿಂತು ಹೊಡೆಯುವ ಜ್ಯಾಬ್ 10 ಫ್ರೇಮಿನದು. ಸದ್ಯಕ್ಕೆ 1, 2, ಅಂದರೆ ಎಡಗೈ ಮತ್ತು ಬಲಗೈ ಗುದ್ದು, ಒತ್ತಿ. ಡ್ಯಾಮೇಜ್ ಕಡಿಮೆ ಅನಿಸುತ್ತದೆ, ಪರವಾಗಿಲ್ಲ. ಕೈ ಕೂತ ಮೇಲೆ ಜಿನ್‌ನ ಪಟ್ಟಿಯಲ್ಲಿ 10, 11, 12 ಫ್ರೇಮಿನ ಏಟುಗಳಲ್ಲಿ ಯಾವುದು ಜಾಸ್ತಿ ಕೊಡುತ್ತದೆ ನೋಡಿ ಬದಲಾಯಿಸಿಕೊಳ್ಳಿ.

ರಾಜಾಹುಲಿ ಹೇಳಿದ "ಮೈನಸ್ ಇದ್ದರೆ ಹೊಡಿ" ಅರ್ಧ ಸರಿ. ಅತಿ ವೇಗದ ಸಾಮಾನ್ಯ ಏಟೇ 10 ಫ್ರೇಮಿನದು. ಹಾಗಿರುವಾಗ ಮೈನಸ್ 9 ಆದವನನ್ನು ಹೊಡೆಯುವುದು ಹೇಗೆ? ಆಗುವುದಿಲ್ಲ. ಅವನು ಬ್ಲಾಕ್ ಹಿಡಿದರೆ ಉಳಿದುಕೊಳ್ಳುತ್ತಾನೆ. ಮೈನಸ್ 10ರಿಂದ ಮಾತ್ರ ಖಚಿತ ಶಿಕ್ಷೆ.

ರಾಜಾಹುಲಿ77

ಹಾಗಾದರೆ ಮೈನಸ್ 5, ಮೈನಸ್ 8 ಎಂದು ಬರೆಯುವುದು ಯಾಕೆ? ನಾನು ಮೈನಸ್ 5ಕ್ಕೆಲ್ಲಾ ಹೊಡೆದಿದ್ದೇನೆ, ತಗುಲಿದೆ. ಸುಳ್ಳು ಹೇಳುತ್ತಿಲ್ಲ.

ಸಂಜೆ_ಪಾಳಿ

ತಗುಲಿರುತ್ತದೆ, ನಂಬುತ್ತೇನೆ. ಯಾಕೆ ತಗುಲಿತು ಎಂದರೆ ಎದುರಿನವರು ಬ್ಲಾಕ್ ಹಿಡಿಯಲಿಲ್ಲ, ಬಟನ್ ಒತ್ತಿದರು. ಅದಕ್ಕೇ ಆ ಸಂಖ್ಯೆ ಮುಖ್ಯ. ಅದು ಸರದಿ ಯಾರದ್ದು ಎಂದು ಹೇಳುತ್ತದೆ.

ಎದುರಿನವರು ಮೈನಸ್ 5 ಇದ್ದಾರೆ ಎಂದುಕೊಳ್ಳಿ. ಅವರು ಜ್ಯಾಬ್ ಒತ್ತಿದರೆ ಅವರ ಜ್ಯಾಬ್ 10 ಕೂಡಿಸು 5, ನಿಮ್ಮ ಗಡಿಯಾರದಲ್ಲಿ 15ನೇ ಫ್ರೇಮಿಗೆ ಬರುತ್ತದೆ. ಅಷ್ಟರಲ್ಲಿ ನಿಮ್ಮ 13 ಫ್ರೇಮಿನ ಮಿಡ್, ಅಂದರೆ ನಡುಮಟ್ಟದ ಏಟು, ಅವರ ಹೊಟ್ಟೆಗೆ ಮುಟ್ಟಿ ಕೌಂಟರ್ ಹಿಟ್ ಆಗಿರುತ್ತದೆ. ಅದೇ ಅವರು ಬರೀ ಮೈನಸ್ 1 ಇದ್ದರೆ? ಅವರ ಜ್ಯಾಬ್ 11ಕ್ಕೆ ಬರುತ್ತದೆ. ನಿಮ್ಮ 13ರ ಮಿಡ್ ಸೋಲುತ್ತದೆ, ನಿಮ್ಮ ಜ್ಯಾಬ್ ಮಾತ್ರ ಗೆಲ್ಲುತ್ತದೆ.

ನಾನು ಮೊದಲ ವರ್ಷ ಪೂರ್ತಿ ಕಲಿತದ್ದು ಇಷ್ಟೇ. ಸಣ್ಣ ಮೈನಸ್ ಆದರೆ ಜ್ಯಾಬ್‌ನಿಂದ ಸರದಿ ಹಿಡಿ. ದೊಡ್ಡ ಮೈನಸ್ ಆದರೆ ಮಿಡ್ ಹಾಕು. 10 ಮುಟ್ಟಿದರೆ ಕೇಳುವುದೇ ಬೇಡ, ಶಿಕ್ಷೆ.

ಹಳೇ_ಪಾರ್ಲರ್

ಈ ಮಾತು ಓದಿ ತುಂಬಾ ಖುಷಿಯಾಯಿತು. ನಾನು ಮೈಸೂರಿನಲ್ಲಿ ಗೇಮ್ ಪಾರ್ಲರಿನಲ್ಲಿ ಟೆಕ್ಕನ್ 3 ಆಡಿದವನು. ಅರ್ಧ ಗಂಟೆಗೆ ಹತ್ತು ರೂಪಾಯಿ. ಸೋತವನು ಎದ್ದು ಹೋಗಬೇಕು, ಗೆದ್ದವನು ಕೂತೇ ಇರಬೇಕು. ಅಲ್ಲಿ ಎಡ್ಡಿ ಹಿಡಿದುಕೊಂಡು ಎರಡು ಒದೆ ಬಟನ್ ಒತ್ತುತ್ತಾ ಕೂರುವ ಒಬ್ಬ ಹುಡುಗ ಇದ್ದ. ಅವನನ್ನು ಯಾರೂ ಸೋಲಿಸುತ್ತಿರಲಿಲ್ಲ. ಆಗ ನಮಗೆ ಫ್ರೇಮ್ ಎಂಬ ಪದವೇ ಗೊತ್ತಿರಲಿಲ್ಲ.

ಆದರೆ ಒಬ್ಬರು ಹಿರಿಯರು ಬರುತ್ತಿದ್ದರು. ಪಾಲ್ ಆಡುತ್ತಿದ್ದರು. ಅವರು ಎಡ್ಡಿ ಹುಡುಗನ ಪಕ್ಕದಲ್ಲಿ ಒಂದು ವಾರ ಸುಮ್ಮನೆ ನಿಂತು ನೋಡಿದರು. ಆಮೇಲೆ ಕೂತು ಆಡಿ ಏಳು ಪಂದ್ಯ ಗೆದ್ದರು. "ಅವನು ಮೂರು ಸಲ ತಿರುಗಿದ ಮೇಲೆ ಒಂದು ಕ್ಷಣ ನಿಲ್ಲುತ್ತಾನೆ, ಆಗ ಹೊಡೆಯೋದು" ಎಂದರು. ಈಗ ಯೋಚಿಸಿದರೆ ಅವರು ಲೆಕ್ಕ ಹಾಕಿದ್ದು ಇದೇ ಅಲ್ವಾ? ಸಂಖ್ಯೆ ಗೊತ್ತಿರಲಿಲ್ಲ, ಕಣ್ಣಿಗೆ ಗೊತ್ತಿತ್ತು.

ಪೇಡಾ_ಜಿನ್

ಸಂಜೆ ಪಾಳಿ ಅವರೇ, 15 ಮತ್ತು 13ರ ಲೆಕ್ಕ ಈಗ ಅರ್ಥವಾಯಿತು. ಇಷ್ಟು ದಿನ ನನ್ನ ಪುಸ್ತಕದಲ್ಲಿ ಎರಡೂ ಸಂಖ್ಯೆ ಪಕ್ಕಪಕ್ಕದಲ್ಲೇ ಇದ್ದವು. ಒಂದರಿಂದ ಇನ್ನೊಂದನ್ನು ಕಳೆಯಬೇಕು ಎಂದು ಹೊಳೆದೇ ಇರಲಿಲ್ಲ.

ನಿನ್ನೆ ರಾತ್ರಿ 1, 2 ಪ್ರಯತ್ನಿಸಿದೆ. ಪ್ರಾಕ್ಟೀಸ್ ಮೋಡಿನಲ್ಲಿ ಗೊಂಬೆಗೆ ಹಾಪ್‌ಕಿಕ್ ರೆಕಾರ್ಡ್ ಮಾಡಿ ಬ್ಲಾಕ್ ಮಾಡಿ ಹೊಡೆದೆ. 20ರಲ್ಲಿ 17 ತಗುಲಿತು. ತುಂಬಾ ಖುಷಿಯಾಗಿ ಅಣ್ಣನ ಜೊತೆ ಕೂತೆ. ಅಲ್ಲಿ ಅವನು ಒಂಬತ್ತು ಹಾಪ್‌ಕಿಕ್ ಹಾಕಿದ, ನಾನು ಬ್ಲಾಕ್ ಮಾಡಿದ್ದು ಆರು, ಹೊಡೆದದ್ದು ಒಂದು. ಅಲ್ಲೇ ಇದ್ದೆ, ಗೊತ್ತಿತ್ತು, ಆದರೆ ಕೈ ಬರಲಿಲ್ಲ. 13 ಫ್ರೇಮ್ ಎಂದರೆ ಸೆಕೆಂಡಿನ ಕಾಲು ಭಾಗವೂ ಇಲ್ಲ. ಅಷ್ಟರಲ್ಲಿ ನೋಡಿ, ಯೋಚಿಸಿ, ಒತ್ತುವುದು ಮನುಷ್ಯರಿಗೆ ಆಗುವ ಕೆಲಸವಾ?

ಸಂಜೆ_ಪಾಳಿ

ಒಳ್ಳೆಯ ಪ್ರಶ್ನೆ. ಆ 13 ಫ್ರೇಮಿನೊಳಗೆ ನೋಡಿ ಒತ್ತುವುದು ಬಹಳ ಜನರಿಗೆ ಆಗುವುದಿಲ್ಲ. ದೊಡ್ಡ ಆಟಗಾರರೂ ಹಾಗೆ ಮಾಡುವುದಿಲ್ಲ.

ನೀವು ನೋಡಲು ಶುರು ಮಾಡಬೇಕಾದ್ದು ಬ್ಲಾಕ್ ಆದ ಮೇಲಲ್ಲ. ಅಣ್ಣನ ಜಿನ್ ನೆಲ ಬಿಟ್ಟ ಕ್ಷಣದಿಂದ. ಒದೆ ನಿಮ್ಮನ್ನು ಮುಟ್ಟಲು 15 ಫ್ರೇಮ್. ಮುಟ್ಟಿದ ಮೇಲೆ ನಿಮ್ಮ ಪಾತ್ರ ಕೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ಕಟ್ಟಿಹಾಕಿದ ಹಾಗೆ ನಿಂತಿರುತ್ತದೆ. ಆಮೇಲೆ ಆ 13ರಲ್ಲಿ ಜ್ಯಾಬ್ ತಗುಲಲು ಬೇಕಾದ 10 ಕಳೆದು ಉಳಿಯುವ 3. ಎಲ್ಲಾ ಸೇರಿಸಿದರೆ ಸಮಯ ಸಾಕಷ್ಟಿದೆ. ಇನ್ನೊಂದು ಅನುಕೂಲ ಇದೆ. ಕಟ್ಟಿಹಾಕಿದ ಆ ಹೊತ್ತಿನ ಕೊನೆಯ ಕೆಲವು ಫ್ರೇಮುಗಳಲ್ಲಿ ನೀವು ಬಟನ್ ಒತ್ತಿದರೆ ಆಟ ಅದನ್ನು ಹಿಡಿದಿಟ್ಟುಕೊಂಡು, ಬಿಡುಗಡೆಯಾದ ಮೊದಲ ಫ್ರೇಮಿನಲ್ಲೇ ಏಟು ಹೊರಡಿಸುತ್ತದೆ.

ಹಾಗಾಗಿ ನಿಮಗೆ ಬೇಕಾದ ವೇಗ ಬೆರಳಿನದಲ್ಲ, ಗುರುತು ಹಿಡಿಯುವ ವೇಗ. ಜಿನ್‌ನ ಮೊಣಕಾಲು ಮೇಲೆದ್ದ ಚಿತ್ರ ಕಣ್ಣಿಗೆ ಬಿದ್ದಾಗ ಮನಸ್ಸಿನಲ್ಲಿ "ಒನ್ ಟೂ" ಬರಬೇಕು. ಮೈನಸ್ 13 ಎಂಬ ಸಂಖ್ಯೆ ಬರಬಾರದು. ಅಡುಗೆ ಮಾಡುವವರು ಒಗ್ಗರಣೆಯಲ್ಲಿ ಸಾಸಿವೆ ಚಟಪಟ ಅಂದ ಕೂಡಲೇ ಕರಿಬೇವು ಹಾಕುತ್ತಾರೆ, ಎಷ್ಟು ಸೆಕೆಂಡ್ ಆಯಿತು ಎಂದು ಎಣಿಸುವುದಿಲ್ಲ.

ನಿಮ್ಮ ಅಭ್ಯಾಸದಲ್ಲಿ 17 ಬಂದು, ಪಂದ್ಯದಲ್ಲಿ ಒಂದು ಬಂದದ್ದಕ್ಕೆ ಕಾರಣವೂ ಇಲ್ಲೇ ಇದೆ. ಗೊಂಬೆ ಹಾಪ್‌ಕಿಕ್ ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ನೀವು ಗುರುತು ಹಿಡಿಯುವ ಕೆಲಸವನ್ನೇ ಮಾಡಲಿಲ್ಲ, ತಾಳಕ್ಕೆ ಒತ್ತಿದಿರಿ.

ಹೀಗೆ ಮಾಡಿ. ಗೊಂಬೆಗೆ ಎರಡು ಏಟು ರೆಕಾರ್ಡ್ ಮಾಡಿ. ಒಂದು ಹಾಪ್‌ಕಿಕ್. ಇನ್ನೊಂದು, ಕೆಳಗೆ-ಮುಂದೆ ಜೊತೆ 1ರ ಮಿಡ್ ಗುದ್ದು. ಇದು ಬ್ಲಾಕ್ ಆದರೆ ಶಿಕ್ಷೆ ಸಿಗುವಷ್ಟು ಮೈನಸ್ ಆಗುವುದಿಲ್ಲ. ಎರಡನ್ನೂ ಯಾವುದು ಯಾವಾಗ ಎಂದು ಗೊತ್ತಾಗದ ಹಾಗೆ ಬರುವಂತೆ ಇಡಿ. ಹಾಪ್‌ಕಿಕ್ ಬಂದರೆ 1, 2. ಗುದ್ದು ಬಂದರೆ ಏನೂ ಒತ್ತಬೇಡಿ, ಬ್ಲಾಕ್ ಹಿಡಿದೇ ಇರಿ. ಗುದ್ದಿಗೂ ಕೈ ಹೋದರೆ ಅದನ್ನು ತಪ್ಪೆಂದು ಲೆಕ್ಕ ಹಾಕಿ. 20ರಲ್ಲಿ 15 ದಾಟಿದ ಮೇಲೆ ಮೂರನೆಯದಾಗಿ ಒಂದು ನಿಧಾನದ ಲೋ, ಅಂದರೆ ಕೂತು ತಡೆಯಬೇಕಾದ ಕೆಳಮಟ್ಟದ ಏಟು, ಸೇರಿಸಿ. ಆಗ ಇನ್ನೊಂದು ವಿಷಯ ಎದುರಾಗುತ್ತದೆ. ಅದು ಬಂದಾಗ ಕೇಳಿ.

ಮಲ್ನಾಡ್_ಕಿಂಗ್

ಅಕ್ಕ, ಒಂದು ಸೇರಿಸುತ್ತೇನೆ. (ಹಿಂದೆ ಒಂದು ಚರ್ಚೆಯಲ್ಲಿ ನೀವು ಹೇಳಿದ್ದು ನೆನಪಿದೆ, ಅದಕ್ಕೇ ಅಕ್ಕ ಎಂದೆ.) ಪ್ರಾಕ್ಟೀಸ್ ಮಾಡುವಾಗ ಎರಡೂ ಬದಿಯಲ್ಲಿ ಮಾಡಿ. ನಾನು ಆರು ತಿಂಗಳು ಎಡಗಡೆ ನಿಂತು ಮಾತ್ರ ಅಭ್ಯಾಸ ಮಾಡಿದ್ದೆ. ಪಂದ್ಯದಲ್ಲಿ ಬದಿ ಬದಲಾದ ಕೂಡಲೇ ಕೈ ಕಟ್ಟಿದ ಹಾಗೆ ಆಗುತ್ತಿತ್ತು. ಮುಂದೆ ಹಿಂದೆ ಎಲ್ಲಾ ತಿರುಗಿಬಿಡುತ್ತದಲ್ಲ.

ನನ್ನ ಕಥೆ ಬೇರೆ. ನಾನು ಕಿಂಗ್ ಆಡುತ್ತೇನೆ, ಜನ ನನ್ನ ಹಿಡಿದು ಎಸೆಯುವ ಥ್ರೋ ಒಡೆಯುವುದು ಕಲಿತುಬಿಟ್ಟಿದ್ದಾರೆ. ಜೈಂಟ್ ಸ್ವಿಂಗ್ ಹಾಕಿದರೆ 1 ಒತ್ತಿ ಬಿಡಿಸಿಕೊಳ್ಳುತ್ತಾರೆ. ಈಗ ನನಗೆ ಫ್ರೇಮ್ ಲೆಕ್ಕ ಎಷ್ಟು ಸಹಾಯ ಮಾಡುತ್ತದೆ? ಥ್ರೋಗೆ ಬ್ಲಾಕ್ ಎಂಬುದೇ ಇಲ್ಲವಲ್ಲ.

ಸಂಜೆ_ಪಾಳಿ

ಎರಡೂ ಬದಿಯ ಮಾತು ನೂರಕ್ಕೆ ನೂರು ನಿಜ.

ಥ್ರೋ ವಿಷಯದಲ್ಲಿ ನಿಮ್ಮ ಎದುರಾಳಿಗಳು ಗುರುತು ಹಿಡಿಯುತ್ತಿರುವುದು ಕೈಯನ್ನು. ಎಡಗೈ ಚಾಚಿದರೆ 1, ಬಲಗೈ ಚಾಚಿದರೆ 2, ಎರಡೂ ಕೈ ಚಾಚಿದರೆ 1 ಮತ್ತು 2 ಒಟ್ಟಿಗೆ. ನೀವು ಸದಾ ಒಂದೇ ಕೈ ತೋರಿಸಿದರೆ ಅವರಿಗೆ ಸುಲಭ. ಬೇರೆ ಕೈಯ ಥ್ರೋಗಳನ್ನು ಸೇರಿಸಿ. ಕಿಂಗ್ ಎದುರು ಇರುವವರಿಗೆ ನನ್ನ ಮಾತು ಬೇರೆ. ನಿಂತು ಹಿಡಿಯುವ ಥ್ರೋಗಳು ಹೈ. ಕೂತರೆ ತಪ್ಪುತ್ತವೆ. ತಪ್ಪಿದ ಮೇಲೆ ಎದ್ದು ಲಾಂಚ್ ಮಾಡಬಹುದು, ಅಂದರೆ ಗಾಳಿಗೆ ಎತ್ತಬಹುದು. ನೀವು ಆ ಕೂರುವವರನ್ನು ಮಿಡ್‌ನಿಂದ ಹೊಡೆಯಬೇಕು. ಥ್ರೋ ಭಯ ಇದ್ದವರೇ ಕೂರುವುದು.

ರಾಜಾಹುಲಿ77

ನನಗೊಂದು ಅನುಮಾನ. ಹಾಪ್‌ಕಿಕ್‌ಗೆ ಬರೀ 1, 2 ಯಾಕೆ? ಕಝುಯಾ ಪಾತ್ರ ಇದ್ದರೆ ಅವನ ಎಲೆಕ್ಟ್ರಿಕ್ ಗುದ್ದು ಹಾಕಿ ಎತ್ತಬಹುದಲ್ವಾ? ಅದು ಬ್ಲಾಕ್ ಆದರೂ ಪ್ಲಸ್ 5. ನಷ್ಟವೇ ಇಲ್ಲ. ನಾನು ಹೊಸಬರಿಗೆಲ್ಲಾ ಮೊದಲು ಎಲೆಕ್ಟ್ರಿಕ್ ಕಲಿಯಿರಿ ಎನ್ನುತ್ತೇನೆ.

ಸಂಜೆ_ಪಾಳಿ

ಪ್ಲಸ್ 5 ಸರಿ. ಆದರೆ ಮುಂದೆ, ಬಿಡು, ಕೆಳಗೆ, ಕೆಳಗೆ-ಮುಂದೆ ಎಂದು ಕೈ ಸುತ್ತಿ ಬರುವಷ್ಟರಲ್ಲಿ ಶಿಕ್ಷೆಗೆ ಬಳಸುವ ಎಲೆಕ್ಟ್ರಿಕ್ 14 ಫ್ರೇಮ್ ಆಗುತ್ತದೆ. ಅದೂ ಒಂದು ಫ್ರೇಮ್ ತಪ್ಪದೆ ಬಂದರೆ. ಮೈನಸ್ 13ಕ್ಕೆ ತಡ. ಮೈನಸ್ 14 ಮತ್ತು ಅದಕ್ಕಿಂತ ದೊಡ್ಡ ತಪ್ಪಿಗೆ ಸರಿ.

ಹೊಸಬರಿಗೆ ಮೊದಲು ಕಲಿಸಬೇಕಾ ಎಂಬುದರಲ್ಲಿ ನನಗೆ ಒಪ್ಪಿಗೆ ಇಲ್ಲ. ಮೂರು ತಿಂಗಳು ಎಲೆಕ್ಟ್ರಿಕ್ ಮೇಲೆ ಕೂತು, ಎದುರಿನವರನ್ನು ನೋಡುವುದನ್ನೇ ಮರೆತವರನ್ನು ಕಂಡಿದ್ದೇನೆ.

ರಾಜಾಹುಲಿ77

ನಾನು ಒಪ್ಪುವುದಿಲ್ಲ. ಕೈ ಮೊದಲು ಪಳಗಬೇಕು. ಕೈ ಪಳಗಿದ ಮೇಲೆ ತಲೆಗೆ ಬಿಡುವು ಸಿಗುತ್ತದೆ. ನಾನು ಎಲೆಕ್ಟ್ರಿಕ್ ಬಂದ ಮೇಲೇ ಎದುರಿನವರನ್ನು ನೋಡಲು ಶುರು ಮಾಡಿದ್ದು. ಆದರೆ 14ರ ಮಾತು ನನಗೆ ಗೊತ್ತಿರಲಿಲ್ಲ, ಅದು ಸರಿಯಾಗಿ ತಿಳಿಯಿತು.

ಹಳೇ_ಪಾರ್ಲರ್

ಇಬ್ಬರದೂ ಅವರವರ ದಾರಿ. ಲಾಹೋರಿನ ಅರ್ಸ್ಲಾನ್ ಆಶ್ 2019ರಲ್ಲಿ ಎವೊ ಜಪಾನ್ ಮತ್ತು ಎವೊ ಎಂಬ ಎರಡು ದೊಡ್ಡ ಟೂರ್ನಿಗಳಲ್ಲೂ ಟೆಕ್ಕನ್ 7 ಗೆದ್ದಾಗ ನಮ್ಮ ಗುಂಪಿನಲ್ಲಿ ಇದೇ ಚರ್ಚೆ ನಡೆದಿತ್ತು. ನಮ್ಮ ಪಕ್ಕದ ದೇಶದವರು, ನಮ್ಮಂಥದ್ದೇ ಪಾರ್ಲರುಗಳಲ್ಲಿ ಆಡಿದವರು. ಅವರ ಪಂದ್ಯ ನೋಡಿದರೆ ಅಬ್ಬರದ ಕಾಂಬೊಗಿಂತ ಎದುರಿನವರ ತಪ್ಪಿಗೆ ಸಿಗುವ ಸಣ್ಣ ಶಿಕ್ಷೆಗಳೇ ನನ್ನ ಕಣ್ಣಿಗೆ ಬಿದ್ದವು. ಒಂದನ್ನೂ ಬಿಡುತ್ತಿರಲಿಲ್ಲ.

ಪೇಡಾ_ಜಿನ್

ಹತ್ತು ದಿನ ಆಯಿತು. ವರದಿ ಕೊಡುತ್ತೇನೆ.

ಎರಡು ಏಟಿನ ಅಭ್ಯಾಸ ಮೊದಲ ದಿನ 20ರಲ್ಲಿ 6. ನನಗೇ ನಂಬಲು ಆಗಲಿಲ್ಲ. ಗುದ್ದಿಗೂ ಒತ್ತುತ್ತಿದ್ದೆ. ಐದನೇ ದಿನ 13. ನಿನ್ನೆ 16. ಅಣ್ಣನ ಜೊತೆ ನಿನ್ನೆ ಅವನು ಹಾಕಿದ ಏಳು ಹಾಪ್‌ಕಿಕ್‌ನಲ್ಲಿ ಐದು ಬ್ಲಾಕ್, ನಾಲ್ಕಕ್ಕೆ ಶಿಕ್ಷೆ. ಮೂರನೇ ಪಂದ್ಯಕ್ಕೆ ಅವನು ಹಾಪ್‌ಕಿಕ್ ಹಾಕುವುದನ್ನೇ ನಿಲ್ಲಿಸಿದ!

ಈಗ ಲೋ ಸೇರಿಸಿದೆ. ನೀವು ಹೇಳಿದ ಹಾಗೆ ಇನ್ನೊಂದು ವಿಷಯ ಎದುರಾಯಿತು. ಲೋ ಬ್ಲಾಕ್ ಮಾಡಿದ ಮೇಲೆ 1, 2 ಒತ್ತಿದರೆ ಅದು ಬರುವುದೇ ಇಲ್ಲ. ಏನೋ ಬೇರೆ ಏಟು ಬರುತ್ತದೆ. ಯಾಕೆ?

ಸಂಜೆ_ಪಾಳಿ

ಏಳರಲ್ಲಿ ಐದು ಬ್ಲಾಕ್ ಎಂದರೆ ಬಹಳ ಚೆನ್ನಾಗಿದೆ.

ಲೋ ಬ್ಲಾಕ್ ಮಾಡಿದಾಗ ನೀವು ಕೂತಿರುತ್ತೀರಿ. ಕೂತಲ್ಲಿಂದ ನಿಂತು ಹೊಡೆಯುವ ಜ್ಯಾಬ್ ನೇರವಾಗಿ ಬರುವುದಿಲ್ಲ. ಬರುವುದು ಏಳುತ್ತಾ ಹೊಡೆಯುವ ಏಟು. ಅದಕ್ಕೆ ಬೇರೆಯೇ ಪಟ್ಟಿ ಇದೆ. ಕೂತ ಸ್ಥಿತಿಯಿಂದ ದಿಕ್ಕಿನ ಬಟನ್ ಬಿಟ್ಟು 4 ಒತ್ತಿದರೆ ಬರುವ ಒದೆ ಹೆಚ್ಚುಕಮ್ಮಿ ಎಲ್ಲರಿಗೂ 11 ಫ್ರೇಮ್. ಸಣ್ಣ ತಪ್ಪಿಗೆ ಅದು. ಏಳುತ್ತಾ ಎತ್ತಿ ಹಾಕುವ ಲಾಂಚರ್ ಒಂದೊಂದು ಪಾತ್ರಕ್ಕೆ ಒಂದೊಂದು ಥರ, ಸಾಮಾನ್ಯವಾಗಿ 13ರಿಂದ 16ರ ನಡುವೆ ಇರುತ್ತದೆ. ಜಿನ್‌ನದು ಎಷ್ಟು ಎಂದು ಪ್ರಾಕ್ಟೀಸಿನಲ್ಲಿ ಪರದೆ ಮೇಲೆ ನೀವೇ ನೋಡಿ ಬರೆದುಕೊಳ್ಳಿ. ನಾನು ಹೇಳುವುದಕ್ಕಿಂತ ನೀವು ನೋಡಿದ್ದು ಜಾಸ್ತಿ ನೆನಪಿರುತ್ತದೆ. ಅಪ್‌ಡೇಟ್ ಬಂದಾಗ ಸಂಖ್ಯೆಗಳು ಬದಲಾಗುತ್ತವೆ, ಹಳೆಯ ಪಟ್ಟಿ ನಂಬಿ ಕೂರಬೇಡಿ.

ನೋಡಿ, ಈಗ ನಿಮ್ಮ ಆರು ಪುಟದಲ್ಲಿ ಬೇಕಾದ ಸಾಲುಗಳು ನಾಲ್ಕೇ ಆದವು. ನಿಂತು 10ರದ್ದು, ನಿಂತು 15ರ ಲಾಂಚರ್, ಏಳುತ್ತಾ 11ರದ್ದು, ಏಳುತ್ತಾ ಲಾಂಚರ್. ಇವುಗಳ ನಡುವಿನ 12, 13, 14 ಆಮೇಲೆ ತಾನಾಗಿ ಸೇರುತ್ತವೆ.

ಪೇಡಾ_ಜಿನ್

ಲಾಂಚ್ ಆದ ಮೇಲೆ ಕಾಂಬೊ ವಿಷಯ ಹೇಳಿ. ನನ್ನ ಹತ್ತಿರ ಒಂದು ದೊಡ್ಡ ಕಾಂಬೊ ಇದೆ, ವಿಡಿಯೋ ನೋಡಿ ಕಲಿತದ್ದು. ಪ್ರಾಕ್ಟೀಸಿನಲ್ಲಿ ಹತ್ತರಲ್ಲಿ ನಾಲ್ಕು ಸಲ ಬರುತ್ತದೆ. ಪಂದ್ಯದಲ್ಲಿ ಮಧ್ಯದಲ್ಲೇ ಬೀಳಿಸುತ್ತೇನೆ. ಬೀಳಿಸಿದ ಮೇಲೆ ಅಣ್ಣ ಎದ್ದು ಹೊಡೆಯುತ್ತಾನೆ.

ಸಂಜೆ_ಪಾಳಿ

ಸಣ್ಣ ಲೆಕ್ಕ ಮಾಡೋಣ. ದೊಡ್ಡದು 70 ಕೊಡುತ್ತದೆ, ಹತ್ತರಲ್ಲಿ ನಾಲ್ಕು ಬರುತ್ತದೆ ಎಂದುಕೊಳ್ಳಿ. ಉಳಿದ ಆರು ಸಲ ಮಧ್ಯದಲ್ಲಿ ಬಿದ್ದು 30 ಸಿಗುತ್ತದೆ. ಹತ್ತು ಲಾಂಚಿಗೆ ಒಟ್ಟು 460. ಇನ್ನೊಂದು ಸುಲಭದ ಕಾಂಬೊ 55 ಕೊಡುತ್ತದೆ, ಹತ್ತರಲ್ಲಿ ಒಂಬತ್ತು ಬರುತ್ತದೆ. ಒಂದು ಸಲ ಬಿದ್ದದ್ದಕ್ಕೆ 30. ಒಟ್ಟು 525. ಅದರ ಮೇಲೆ, ಬೀಳಿಸಿದಾಗಲೆಲ್ಲಾ ಎದುರಿನವರಿಗೆ ಸರದಿ ಕೊಟ್ಟಿರುತ್ತೀರಿ. ಈ ಸಂಖ್ಯೆಗಳು ಲೆಕ್ಕ ತೋರಿಸಲು ನಾನು ಇಟ್ಟವು. ನಿಮ್ಮದನ್ನು ಹಾಕಿ ನೋಡಿ.

ಕಾಂಬೊವನ್ನು ಒಂದೇ ಉದ್ದದ ಮಂತ್ರದ ಹಾಗೆ ಕಲಿಯಬೇಡಿ. ಅದರೊಳಗೆ ತುಂಡುಗಳಿವೆ. ಎತ್ತುವ ಏಟು, ಗಾಳಿಯಲ್ಲಿ ಒಂದೆರಡು, ಆಮೇಲೆ ಎದುರಿನವರನ್ನು ಗಾಳಿಯಲ್ಲಿ ತಿರುಗಿಸಿ ಕಾಂಬೊ ಮುಂದುವರಿಸಲು ಬಿಡುವ ಟೊರ್ನೇಡೊ ಏಟು, ಮುಂದೆ ನುಗ್ಗಿ ಮುಗಿಸುವುದು. ಕೊನೆಯ ತುಂಡಿನಿಂದ ಶುರು ಮಾಡಿ. ಟೊರ್ನೇಡೊ ಆದ ಮೇಲೆ ನುಗ್ಗಿ ಮುಗಿಸುವುದು ಕೈಗೆ ಕೂರಲಿ. ಯಾವ ಲಾಂಚರ್‌ನಿಂದ ಬಂದರೂ ಬಾಲ ಹೆಚ್ಚುಕಮ್ಮಿ ಅದೇ ಇರುತ್ತದೆ. ಹಾಪ್‌ಕಿಕ್ ಮತ್ತು ಏಳುತ್ತಾ ಹೊಡೆದ ಲಾಂಚರ್ ಎದುರಿನವರನ್ನು ಬೇರೆ ಬೇರೆ ಎತ್ತರಕ್ಕೆ ಎತ್ತುತ್ತವೆ, ಹಾಗಾಗಿ ಮೊದಲ ಒಂದೆರಡು ಏಟು ಮಾತ್ರ ಬದಲಾಯಿಸಬೇಕು. ಎಲ್ಲಿ ಬೀಳುತ್ತದೆ ಎಂದು ಗಮನಿಸಿ. ಸದಾ ಟೊರ್ನೇಡೊಗೆ ಮುಂಚೆಯೇ ಬೀಳುತ್ತಿದ್ದರೆ ನೀವು ಗಾಳಿಯ ಏಟನ್ನು ತಡವಾಗಿ ಹಾಕುತ್ತಿದ್ದೀರಿ. ಟೊರ್ನೇಡೊ ಆದ ಮೇಲೆ ಬೀಳುತ್ತಿದ್ದರೆ ಮುಂದೆ ನುಗ್ಗುವುದು ಸಾಲುತ್ತಿಲ್ಲ.

ರಾಜಾಹುಲಿ77

ಬಾಲದಿಂದ ಕಲಿಯುವುದು ಒಳ್ಳೆಯ ಉಪಾಯ. ಇಷ್ಟು ವರ್ಷ ಆಡಿ ನಾನು ಯೋಚಿಸಿರಲಿಲ್ಲ. ಇವತ್ತೇ ಮಾಡಿ ನೋಡುತ್ತೇನೆ.

ಮಲ್ನಾಡ್_ಕಿಂಗ್

ಪೇಡಾ ಅವರು ಅಣ್ಣನ ಜೊತೆ ಆಡುತ್ತಾರೆ, ಒಂದೇ ಪಾತ್ರ. ಆನ್‌ಲೈನ್ ಬಂದರೆ? ಆಟ ಬಿಡುಗಡೆಯಾದಾಗಲೇ 32 ಪಾತ್ರ ಇದ್ದವು, ಆಮೇಲೆ ಇನ್ನೂ ಬಂದಿವೆ. ಒಬ್ಬೊಬ್ಬರಿಗೆ ನೂರು ಮೂವ್. ಯಾರು ಅಷ್ಟು ಕಲಿಯುತ್ತಾರೆ?

ಸಂಜೆ_ಪಾಳಿ

ಯಾರೂ ಕಲಿಯುವುದಿಲ್ಲ. ಸೋತ ಪಂದ್ಯದಿಂದ ಒಂದೊಂದೇ ಎತ್ತಿಕೊಳ್ಳುತ್ತಾರೆ.

ನಾನು ಮಾಡುವುದು ಹೇಳುತ್ತೇನೆ. ಸೋತ ಮೇಲೆ ರಿಪ್ಲೇ ತೆಗೆಯುತ್ತೇನೆ. ಟೆಕ್ಕನ್ 8ರ ರಿಪ್ಲೇಯಲ್ಲಿ ಪಂದ್ಯವನ್ನು ನಿಲ್ಲಿಸಿ ಅಲ್ಲಿಂದಲೇ ನೀವು ಆಡಬಹುದು. ಇಲ್ಲಿ ಶಿಕ್ಷೆ ಸಿಗುತ್ತಿತ್ತು ಎಂದು ಆಟವೇ ತೋರಿಸುತ್ತದೆ. ನನ್ನನ್ನು ಅತಿ ಜಾಸ್ತಿ ಹೊಡೆದದ್ದು ಯಾವುದು ಎಂದು ಮಾತ್ರ ಹುಡುಕುತ್ತೇನೆ. ಹೋದ ತಿಂಗಳು ಒಬ್ಬ ಬ್ರಯನ್ ಆಟಗಾರರು ಸ್ನೇಕ್ ಎಡ್ಜ್ ಎಂಬ ಲೋದಿಂದ ನನ್ನನ್ನು ನಾಲ್ಕು ಸಲ ಎತ್ತಿದರು. ಅದು ನಿಧಾನವಾಗಿ ಬರುವ ಲೋ, ನೋಡಿ ಬ್ಲಾಕ್ ಮಾಡಬಹುದು, ಬ್ಲಾಕ್ ಆದರೆ ಲಾಂಚ್ ಮಾಡಬಹುದು. ಅದೆಲ್ಲಾ ನನಗೆ ಗೊತ್ತಿತ್ತು. ಗುರುತು ಹಿಡಿಯುತ್ತಿರಲಿಲ್ಲ. ರಿಪ್ಲೇಯಲ್ಲಿ ಆ ಜಾಗಕ್ಕೇ ಹೋಗಿ ಹದಿನೈದು ಸಲ ಬ್ಲಾಕ್ ಮಾಡಿದೆ. ಅವರು ಸೊಂಟ ಬಗ್ಗಿಸುವ ರೀತಿ ಕಣ್ಣಿಗೆ ಕೂತಿತು. ಆ ದಿನ ಅಷ್ಟೇ, ಬೇರೇನೂ ಮಾಡಲಿಲ್ಲ.

ಸ್ಟ್ರಿಂಗ್‌ಗಳಿಗೂ ಇದೇ. ಮೂರು ಏಟಿನ ಸ್ಟ್ರಿಂಗ್‌ನಲ್ಲಿ ಕೊನೆಯದು ಹೈ ಆಗಿದ್ದರೆ ಕೂತು ತಪ್ಪಿಸಿಕೊಂಡು ಲಾಂಚ್ ಮಾಡಬಹುದು. ಯಾವುದು ಹೈ ಎಂದು ಪಂದ್ಯದಲ್ಲಿ ಗೊತ್ತಾಗುವುದಿಲ್ಲ. ಗೊಂಬೆಗೆ ಆ ಸ್ಟ್ರಿಂಗ್ ಹಾಕಿಸಿ, ಪ್ರತಿ ಏಟಿನ ನಡುವೆ ಕೂತು ನೋಡಬೇಕು. ಐದು ನಿಮಿಷದ ಕೆಲಸ.

ನಿಧಾನಿ

ನನ್ನ ಪ್ರಶ್ನೆಗೆ ಬರುತ್ತೇನೆ ಎಂದಿದ್ದಿರಿ. ಎಲ್ಲಾ ಓದಿದೆ. ಈಗ ನೀವು ಹೇಳುವ ಫ್ರೇಮ್ ಯಾವುದು ಎಂದು ತಿಳಿಯಿತು.

ಸಂಜೆ_ಪಾಳಿ

ಹೌದು, ಮರೆತಿಲ್ಲ. ನಿಮ್ಮ ಲ್ಯಾಪ್‌ಟಾಪ್ 60 ಮುಟ್ಟದಿದ್ದರೆ ಟೆಕ್ಕನ್‌ನಲ್ಲಿ ಚಿತ್ರ ಹಾರುವುದಿಲ್ಲ, ಇಡೀ ಆಟವೇ ನಿಧಾನವಾಗುತ್ತದೆ. 45 ಬಂದರೆ 15 ಫ್ರೇಮಿನ ಹಾಪ್‌ಕಿಕ್ ಕಾಲು ಸೆಕೆಂಡಿನ ಬದಲು ಸೆಕೆಂಡಿನ ಮೂರನೇ ಒಂದು ಭಾಗ ತೆಗೆದುಕೊಳ್ಳುತ್ತದೆ. ನಿಮ್ಮ ಕಣ್ಣು ಮತ್ತು ಕೈ ಆ ನಿಧಾನಕ್ಕೆ ಹೊಂದಿಕೊಳ್ಳುತ್ತವೆ. ಸ್ನೇಹಿತರ ಮನೆಯಲ್ಲಿ ಸರಿಯಾದ ವೇಗದಲ್ಲಿ ಆಡಿದಾಗ ಎಲ್ಲವೂ ತಪ್ಪುತ್ತದೆ. ನೆರಳು ತೆಗೆದದ್ದು ಸಾಲದಿದ್ದರೆ ರೆಸಲ್ಯೂಷನ್ ಇಳಿಸಿ. ಚಿತ್ರ ಮಸುಕಾದರೂ ಪರವಾಗಿಲ್ಲ, 60 ಬೇಕೇ ಬೇಕು.

ನಿಧಾನಿ

ರೆಸಲ್ಯೂಷನ್ ಇಳಿಸಿದೆ. ಈಗ 58, 60 ಬರುತ್ತಿದೆ. ಆಟ ಒಮ್ಮೆಲೇ ವೇಗವಾಗಿ ಕಾಣುತ್ತಿದೆ, ಇದುವರೆಗೆ ಬ್ಲಾಕ್ ಆಗುತ್ತಿದ್ದ ಲೋಗಳು ತಗುಲುತ್ತಿವೆ. ಮೊದಲಿಂದ ಶುರು ಮಾಡುತ್ತೇನೆ. ತುಂಬಾ ಧನ್ಯವಾದ.

ಪೇಡಾ_ಜಿನ್

ಇನ್ನೊಂದು ಪ್ರಶ್ನೆ ಉಳಿದಿದೆ. ಅಣ್ಣ ಹಾಪ್‌ಕಿಕ್ ಬಿಟ್ಟ ಮೇಲೆ ಜ್ಯಾಬ್ ಜಾಸ್ತಿ ಹಾಕುತ್ತಿದ್ದಾನೆ. ಜ್ಯಾಬ್ ಬ್ಲಾಕ್ ಮಾಡಿದರೆ ಅವನಿಗೇ ಪ್ಲಸ್ 1. ನಾನು ಜ್ಯಾಬ್ ಒತ್ತಿದರೆ 11ಕ್ಕೆ ಬರುತ್ತದೆ, ಅವನದು 10ಕ್ಕೆ. ಸೋಲುತ್ತೇನೆ. ಪಕ್ಕಕ್ಕೆ ಸರಿಯಬಹುದಾ, ಕೂರಬೇಕಾ?

ರಾಜಾಹುಲಿ77

ಪಕ್ಕಕ್ಕೆ ಸರಿ. ಅವನು ಮತ್ತೆ ಜ್ಯಾಬ್ ಹಾಕಿದರೆ ತಪ್ಪುತ್ತದೆ.

ಮಲ್ನಾಡ್_ಕಿಂಗ್

ನನಗೆ ಹಾಗೆ ಮಾಡಿದಾಗ ಅರ್ಧ ಸಲ ತಗುಲುತ್ತದೆ. ಎಡಕ್ಕೆ ಸರಿದರೆ ಒಂದು, ಬಲಕ್ಕೆ ಸರಿದರೆ ಇನ್ನೊಂದು. ಕೂರುವುದೇ ಒಳ್ಳೆಯದು, ಜ್ಯಾಬ್ ಹೈ ಅಲ್ವಾ.

ಸಂಜೆ_ಪಾಳಿ

ಕೂತರೆ ಜ್ಯಾಬ್ ತಲೆ ಮೇಲೆ ಹೋಗುತ್ತದೆ, ಏಳುತ್ತಾ ಲಾಂಚ್ ಮಾಡಬಹುದು. ಆದರೆ ನೀವು ಕೂರುತ್ತೀರಿ ಎಂದು ಅಣ್ಣನಿಗೆ ಗೊತ್ತಾದ ದಿನ ಮಿಡ್ ಬರುತ್ತದೆ, ಮತ್ತೆ ಹಾಪ್‌ಕಿಕ್ಕೂ ಬರಬಹುದು. ಸರಿಯುವುದು ಯಾವ ಏಟಿಗೆ ಯಾವ ಕಡೆ ಎಂಬುದರ ಮೇಲೆ ನಿಂತಿದೆ. ಜಿನ್ ಎದುರು ಪ್ಲಸ್ 1ರಲ್ಲಿ ಯಾವ ಕಡೆ ಸರಿದರೆ ಎಷ್ಟು ಏಟು ತಪ್ಪುತ್ತವೆ ಎಂದು ನಾನು ಪೂರ್ತಿ ಪರೀಕ್ಷೆ ಮಾಡಿಲ್ಲ. ಪೇಡಾ, ನೀವು ಅಣ್ಣನನ್ನೇ ಕೂರಿಸಿಕೊಂಡು ಮಾಡಬಹುದು. ಅವನು ಜ್ಯಾಬ್ ಹಾಕಿ ಬ್ಲಾಕ್ ಆದ ಮೇಲೆ ಜ್ಯಾಬ್, ಮಿಡ್ ಗುದ್ದು, ಹಾಪ್‌ಕಿಕ್ ಒಂದೊಂದನ್ನೂ ಹತ್ತು ಸಲ ಹಾಕಲಿ. ನೀವು ಐದು ಸಲ ಎಡಕ್ಕೆ, ಐದು ಸಲ ಬಲಕ್ಕೆ ಸರಿಯಿರಿ. ಬರೆದು ಇಲ್ಲಿ ಹಾಕಿ.

ಪೇಡಾ_ಜಿನ್

ಅಣ್ಣ ಒಪ್ಪಿದ್ದಾನೆ. ಆದರೆ ಅವನ ಹಾಪ್‌ಕಿಕ್‌ಗೆ ನಾನು ಏನು ಮಾಡುತ್ತಿದ್ದೆ ಎಂದು ಅವನಿಗೂ ಹೇಳಿಕೊಡಬೇಕಂತೆ. ಭಾನುವಾರ ಕೂರುತ್ತೇವೆ.